ಹಾಜಿಯವರು ಹೇಳದ ಮಾತು: ಸಾರಾಂಶ ಬರೆಯುವವರ ಹೊಣೆಯ ಕುರಿತು

ಹಲವು ವರ್ಷಗಳ ಹಿಂದಿನ ಮಾತು. ಕಡಬ ಕಡೆಯ ಒಂದು ಮಹಲ್ಲಿನಲ್ಲಿ ನಾನು ಕಿರಿಯ ಮುಅಲ್ಲಿಮನಾಗಿದ್ದೆ. ಕನ್ನಡದಲ್ಲಿ ಪದವಿ ಪಡೆದವನೆಂಬ ಒಂದೇ ಕಾರಣಕ್ಕೆ ಜಮಾಅತ್ ಸಭೆಯ ನಡಾವಳಿ ಪುಸ್ತಕ ನನ್ನ ಕೈಗೆ ಬಂದಿತ್ತು. ಆ ದಿನದ ವಿಷಯ ಮದ್ರಸದ ಸಮಯ. ಏಳು ಗಂಟೆಗೆ ತರಗತಿ ಆರಂಭವಾಗುತ್ತಿತ್ತು, ಎಂಟಕ್ಕೆಲ್ಲ ಶಾಲೆಯ ವಾಹನ ರಸ್ತೆಯ ತಿರುವಿನಲ್ಲಿ ಹಾರ್ನ್ ಹೊಡೆಯುತ್ತಿತ್ತು. ಆರು ಗಂಟೆಗೇ ಆರಂಭಿಸಿದರೆ ಹೇಗೆ ಎಂದು ಸಮಿತಿಯವರೊಬ್ಬರು ಕೇಳಿದರು.

ಮೂಲೆಯಲ್ಲಿ ಕುಳಿತಿದ್ದ ಹಿರಿಯ ಹಾಜಿಯವರು ಬ್ಯಾರಿ ಭಾಷೆಯಲ್ಲಿ, ವಾಕ್ಯದ ಕೊನೆಯನ್ನು ತುಸು ಎಳೆದು ಹೇಳಿದರು: ಆರು ಗಂಟೆ ಯಾಕೆ, ತಹಜ್ಜುದಿನ ಹೊತ್ತಿಗೇ ಆರಂಭಿಸೋಣ, ಎಂಟು ವರ್ಷದ ಮಗುವಿಗೆ ನಿದ್ದೆಯಾದರೂ ಯಾಕೆ? ಸದರ್ ಉಸ್ತಾದರು ತಲೆ ತುರಿಸಿಕೊಂಡು, ಮಗ್ರಿಬಿನ ಬಳಿಕ ಮಾಡಿದರೂ ಆದೀತೇನೋ, ಆದರೆ ಮಳೆಗಾಲದಲ್ಲಿ ತೋಟದ ದಾರಿಯಲ್ಲಿ ಸಣ್ಣ ಮಕ್ಕಳು ಬರುವುದು ಹೇಗೆ ಎಂದರು. ಕೋಶಾಧಿಕಾರಿಗಳು ನಕ್ಕು, ನನ್ನ ಮಗನಿಗೆ ಎರಡೂ ಹೊತ್ತು ಇರಲಿ, ಮನೆಯಲ್ಲಿ ಸ್ವಲ್ಪ ಶಾಂತಿ ಸಿಗುತ್ತದೆ ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕು, ಕೆಳಗಿನಂತೆ ಬರೆದೆ:

“ಬೆಳಗಿನ ತರಗತಿಯನ್ನು ಆರು ಗಂಟೆಗಿಂತಲೂ ಮೊದಲೇ ಆರಂಭಿಸಬೇಕೆಂದು ಹಾಜಿಯವರು ಸೂಚಿಸಿದರು. ಮಗ್ರಿಬಿನ ಬಳಿಕ ತರಗತಿ ನಡೆಸಬೇಕೆಂದು ಸದರ್ ಉಸ್ತಾದರು ಅಭಿಪ್ರಾಯಪಟ್ಟರು. ದಿನಕ್ಕೆ ಎರಡು ಹೊತ್ತು ತರಗತಿ ಇರಲಿ ಎಂದು ಕೋಶಾಧಿಕಾರಿಗಳು ತಿಳಿಸಿದರು.”

ಮೂವರ ಮಾತನ್ನೂ ನಾನು ಕೇಳಿಸಿಕೊಂಡಿದ್ದೆ. ಮೂವರ ಶಬ್ದಗಳೂ ಹೆಚ್ಚು ಕಡಿಮೆ ಅಲ್ಲಿಯೇ ಇವೆ. ಆದರೆ ಬರೆದ ಮೂರು ಅಭಿಪ್ರಾಯಗಳಲ್ಲಿ ಒಂದನ್ನೂ ಆ ಸಭೆಯಲ್ಲಿದ್ದ ಯಾರೂ ಹೊಂದಿರಲಿಲ್ಲ. ಮುಂದಿನ ಸಭೆಗೆ ಹಾಜಿಯವರು ಬಂದಿರಲಿಲ್ಲ. ನಡಾವಳಿಯನ್ನು ಓದಿ, ಹಿರಿಯರೇ ಬೇಗ ಆಗಲಿ ಎಂದಿದ್ದಾರೆ ಎಂಬ ಆಧಾರದಲ್ಲಿ ಆರು ಗಂಟೆಯ ಸಮಯ ನಿರ್ಧಾರವಾಯಿತು. ಆ ಜೂನ್ ತಿಂಗಳಲ್ಲಿ ಮಕ್ಕಳು ಟಾರ್ಚ್ ಹಿಡಿದು ಕೆಸರು ದಾರಿಯಲ್ಲಿ ಬಂದರು. ಕೆಲವು ತಾಯಂದಿರು ಹಾಜಿಯವರ ಮನೆಗೇ ಹೋಗಿ ಕೇಳಿದರು: ನಿಮಗೆ ಮೊಮ್ಮಕ್ಕಳಿಲ್ಲವೇ ಎಂದು. ಆರು ಗಂಟೆಯನ್ನು ಆ ಸಭೆಯಲ್ಲಿ ವಿರೋಧಿಸಿದ್ದ ಒಬ್ಬನೇ ವ್ಯಕ್ತಿಯನ್ನು ಅದರ ಕರ್ತೃವನ್ನಾಗಿ ಮಾಡಿದ್ದು ನನ್ನ ಲೇಖನಿ.

ಈ ಲೇಖನವನ್ನು ಕೇವಲ ತಪ್ಪೊಪ್ಪಿಗೆಯಾಗಿ ಬರೆಯುತ್ತಿಲ್ಲ. ಅದೇ ತಪ್ಪು ಇಂದು ಪುತ್ತೂರು, ಸುಳ್ಯ, ಕಡಬದ ಮಹಲ್ಲುಗಳಲ್ಲಿ ಪ್ರತಿ ವಾರವೂ ನಡೆಯುತ್ತಿದೆ. ಅದನ್ನು ಮಾಡುವವರು ತಪ್ಪೆಂದು ಭಾವಿಸುತ್ತಲೂ ಇಲ್ಲ. ಒಂದೂವರೆ ಗಂಟೆಯ ಪ್ರವಚನವನ್ನು ಆರು ಸಾಲಿಗೆ ಇಳಿಸುತ್ತಾರೆ. ಮಸ್‌ಅಲ ಕೇಳಿದವರಿಗೆ ಉಸ್ತಾದರು ಕೊಟ್ಟ ಎಚ್ಚರಿಕೆಯ ಉತ್ತರವನ್ನು “ಆಗುತ್ತದೆ”, “ಆಗುವುದಿಲ್ಲ” ಎಂಬ ಒಂದು ಪದಕ್ಕೆ ತರುತ್ತಾರೆ. ಕೇಳಿದರೆ ಅವರ ಸಮರ್ಥನೆ ಸಿದ್ಧವಾಗಿದೆ: ಸಾರಾಂಶವೆಂದರೆ ಸಾರ ಮಾತ್ರ, ನಗು, ಕೊಂಕು, ಅನುಮಾನ, ಇವೆಲ್ಲ ಸಿಪ್ಪೆ, ಅದನ್ನು ಸುಲಿದು ಎಸೆಯುವುದೇ ನಮ್ಮ ಕೆಲಸ. ಶಾಲೆಯಲ್ಲಿ ನಾವು ಕಲಿತ ಸಂಕ್ಷೇಪ ಲೇಖನವೂ ಇದನ್ನೇ ಹೇಳಿಕೊಟ್ಟಿದೆ: ಅಲಂಕಾರ ಬಿಡಿ, ಮೂರನೆಯ ಒಂದು ಭಾಗಕ್ಕೆ ಇಳಿಸಿ.

ನಾನು ಇದನ್ನು ಒಪ್ಪುವುದಿಲ್ಲ. ಒಬ್ಬನು ಒಂದು ಮಾತನ್ನು ಎಷ್ಟು ದೃಢವಾಗಿ ನಂಬುತ್ತಾನೆ ಎಂಬುದು ಆ ಮಾತಿನ ಸಿಪ್ಪೆಯಲ್ಲ, ತಿರುಳು. “ಆದೀತೇನೋ” ಎಂದವನ ಅಭಿಪ್ರಾಯವನ್ನು “ಆಗಬೇಕು” ಎಂದು ಬರೆದರೆ ಅದು ಚಿಕ್ಕದಾದ ಅದೇ ಅಭಿಪ್ರಾಯವಲ್ಲ, ಇನ್ನೊಂದು ಅಭಿಪ್ರಾಯ.

ಜಾಗವಿಲ್ಲ ಎಂಬುದು ಅವರ ಮೊದಲ ನೆಪ. ಇದಕ್ಕೆ ಉತ್ತರವನ್ನು ನಮ್ಮ ದರ್ಸಿನಲ್ಲೇ ಹುಡುಕಬಹುದು. ಶಾಫಿಈ ಮದ್ಹಬನ್ನು ಅನುಸರಿಸುವ ನಮ್ಮ ಕರಾವಳಿಯಲ್ಲಿ ದರ್ಸ್ ಕಲಿತವರೆಲ್ಲ “ಮಹಲ್ಲಿ” ಎಂಬ ಕಿತಾಬಿನ ಹೆಸರು ಕೇಳಿರುತ್ತಾರೆ. ಅದು ಇಮಾಮ್ ನವವಿ (ರ) ಅವರ ಮಿನ್‌ಹಾಜಿಗೆ ಜಲಾಲುದ್ದೀನ್ ಮಹಲ್ಲಿ (ರ) ಬರೆದ ವ್ಯಾಖ್ಯಾನ. ಈ ಮಿನ್‌ಹಾಜ್ ಸ್ವತಃ ಒಂದು ಸಾರಾಂಶ ಎಂಬುದನ್ನು ನಾವು ಮರೆತುಬಿಡುತ್ತೇವೆ. ಇಮಾಮ್ ರಾಫಿಈ (ರ) ಅವರ ಮುಹರ್ರರ್ ಎಂಬ ಗ್ರಂಥ ಕಂಠಪಾಠಕ್ಕೆ ದೊಡ್ಡದಾಗುತ್ತದೆಂದು, ಅದನ್ನು ಸುಮಾರು ಅರ್ಧ ಗಾತ್ರಕ್ಕೆ ಇಳಿಸಿ ನವವಿ (ರ) ಇದನ್ನು ರಚಿಸಿದರು. ನವವಿ ತೀರಿಕೊಂಡದ್ದು ಕ್ರಿ.ಶ. 1277ರಲ್ಲಿ. ಏಳು ಶತಮಾನ ಕಳೆದರೂ ಈ ಸಾರಾಂಶವನ್ನು ಜನ ನಂಬುತ್ತಿರುವುದೇಕೆ?

ಅದರ ಮುನ್ನುಡಿಯನ್ನು ನೋಡಿದರೆ ಕಾರಣ ತಿಳಿಯುತ್ತದೆ. ಗಾತ್ರ ಇಳಿಸುವ ಮೊದಲು ಅವರು ಮಾಡಿದ ಕೆಲಸ, ಅಭಿಪ್ರಾಯದ ತೂಕಕ್ಕೆ ಒಂದೊಂದು ಪದವನ್ನು ಗೊತ್ತುಪಡಿಸಿದ್ದು. ಇಮಾಮ್ ಶಾಫಿಈ (ರ) ಅವರದೇ ಎರಡು ಮಾತುಗಳ ನಡುವೆ ಆಯ್ಕೆಯಿದ್ದು, ಭಿನ್ನಾಭಿಪ್ರಾಯ ಬಲವಾಗಿದ್ದರೆ “ಅಳ್ಹರ್”, ಬಲವಾಗಿಲ್ಲದಿದ್ದರೆ “ಮಶ್‌ಹೂರ್”. ಅವರ ಅನುಯಾಯಿ ವಿದ್ವಾಂಸರ ಅಭಿಪ್ರಾಯಗಳ ನಡುವೆಯಾದರೆ, ಬಲವಾದ ಭಿನ್ನತೆಗೆ “ಅಸಹ್ಹ್”, ಇಲ್ಲವಾದರೆ “ಸಹೀಹ್”. “ಖೀಲ”, ಅಂದರೆ “ಹೀಗೂ ಹೇಳಲಾಗಿದೆ” ಎಂದು ಬಂದರೆ ಅದು ದುರ್ಬಲ ಅಭಿಪ್ರಾಯ, ಪ್ರಬಲವಾದುದು ಅದರ ಎದುರಿನದು. ಇನ್ನು ತಾವೇ ಏನಾದರೂ ಸೇರಿಸುವಾಗ “ಖುಲ್ತು” (ನಾನು ಹೇಳುತ್ತೇನೆ) ಎಂದು ಆರಂಭಿಸಿ “ವಲ್ಲಾಹು ಅಅ್‌ಲಮ್” ಎಂದು ಮುಗಿಸುತ್ತಾರೆ. ಮೂಲ ಗ್ರಂಥಕರ್ತರ ಮಾತೆಲ್ಲಿ, ಸಂಕ್ಷೇಪಿಸಿದವರ ಮಾತೆಲ್ಲಿ ಎಂದು ಓದುಗನಿಗೆ ಗೊಂದಲವಾಗಬಾರದು ಎಂಬುದಕ್ಕಾಗಿ.

ಶುದ್ಧಿಯ ಅಧ್ಯಾಯದಲ್ಲಿ ಬಳಸಿದ ನೀರಿನ ಕುರಿತು ಬರುವ ಒಂದೇ ವಾಕ್ಯವನ್ನು ನೋಡಿರಿ. ಕಡ್ಡಾಯ ಶುದ್ಧಿಗೆ ಬಳಸಿದ ನೀರು ಮತ್ತೆ ಶುದ್ಧಿಗೊಳಿಸಲು ಬಾರದು ಎಂಬುದು ಅದರ ವಿಷಯ. ನಡುವೆ ಒಂದು “ಖೀಲ” ಸೇರಿಸಿ, ಐಚ್ಛಿಕ ಶುದ್ಧಿಗೆ ಬಳಸಿದ ನೀರೂ ಹಾಗೆಯೇ ಎಂಬ ಮಾತನ್ನು ಹೇಳುತ್ತಾರೆ. ಇಡೀ ವಿಧಿಗೆ “ಜದೀದ್” ಎಂಬ ಗುರುತು ಹಾಕುತ್ತಾರೆ. ಇದು ಇಮಾಮ್ ಶಾಫಿಈಯವರ ಹೊಸ ನಿಲುವು, ಹಳೆಯದು ಬೇರೆಯಿತ್ತು ಎಂದು ಅರ್ಥ. ಅಂತಹ ನೀರು ಸೇರಿ ಎರಡು ಖುಲ್ಲತ್ತಿನಷ್ಟಾದರೆ ಮತ್ತೆ ಶುದ್ಧಿಗೊಳಿಸುವ ನೀರಾಗುತ್ತದೆ ಎಂಬುದಕ್ಕೆ “ಅಸಹ್ಹ್” ಎಂಬ ಗುರುತು. ಎದುರಿನ ಅಭಿಪ್ರಾಯವೂ ಬಲಹೀನವಲ್ಲ ಎಂದು ಅರ್ಥ. ಒಂದು ವಾಕ್ಯ, ಮೂರು ಪದ, ಮೂರು ಬೇರೆ ಬೇರೆ ತೂಕ.

ಈಗ ನಮ್ಮ ಕಾಲದ ಸಾರಾಂಶಕಾರನ ಕೈಗೆ ಇದನ್ನು ಕೊಡಿ. ಸಿಪ್ಪೆ ಎಂದು ಆ ಮೂರು ಪದಗಳನ್ನು ಅವನು ತೆಗೆದುಹಾಕುತ್ತಾನೆ. ಉಳಿಯುವುದೇನು? ಕಡ್ಡಾಯವಾಗಲಿ ಐಚ್ಛಿಕವಾಗಲಿ, ಶುದ್ಧಿಗೆ ಬಳಸಿದ ನೀರು ಮತ್ತೆ ಶುದ್ಧಿಗೆ ಬಾರದು ಎಂದು ಮಿನ್‌ಹಾಜಿನಲ್ಲಿದೆ ಎಂಬ ವಾಕ್ಯ. ನವವಿಯವರು ದುರ್ಬಲವೆಂದು ಗುರುತಿಸಿದ ಅಭಿಪ್ರಾಯ ಅವರ ಹೆಸರಿನಲ್ಲಿಯೇ ಪ್ರಚಾರವಾಯಿತು! ಕಿತಾಬು ತೆರೆದು ತೋರಿಸಿ ಎಂದರೆ ತೋರಿಸಲೂಬಹುದು, ಪದಗಳು ಅಲ್ಲಿವೆ. ಉಳಿತಾಯವಾದದ್ದು ಮೂರು ಪದಗಳ ಜಾಗ.

ಕನ್ನಡಕ್ಕೆ ಇಂತಹ ಸಾಧನಗಳಿಲ್ಲ ಎಂದು ಯಾರೂ ಹೇಳಬೇಡಿ. ನಮ್ಮ ವ್ಯಾಕರಣದಲ್ಲಿ ಸಂಭಾವನಾರ್ಥಕ ಎಂಬ ಕ್ರಿಯಾರೂಪವೇ ಇದೆ: ಬಂದಾನು, ಆದೀತು, ಸಿಕ್ಕೀತು. ಕೇಳಿದ ಸುದ್ದಿಗೆ “ಅಂತೆ” ಇದೆ. ಅರ್ಧ ನಂಬಿಕೆಗೆ “ಏನೋ” ಇದೆ. “ಬಹುದು” ಇದೆ, “ಇರಬೇಕು” ಇದೆ. ಒಂದೊಂದೂ ಕೆಲವೇ ಅಕ್ಷರ. ಆದರೂ ಬರವಣಿಗೆಗೆ ಕುಳಿತ ಕೂಡಲೇ ಶಿಷ್ಟವಾಗಿ ಕಾಣಲೆಂದು ನಾವು ಮೊದಲು ಅಳಿಸುವುದು ಇವನ್ನೇ. ಸದರ್ ಉಸ್ತಾದರ “ಆದೀತೇನೋ” ಸಂಭಾವನಾರ್ಥಕ. ನನ್ನ “ನಡೆಸಬೇಕು” ವಿಧಿ. ವ್ಯಾಕರಣದ ಪರೀಕ್ಷೆಯಲ್ಲಿ ಅವೆರಡನ್ನೂ ಬೇರ್ಪಡಿಸಿ ಅಂಕ ಪಡೆದಿದ್ದ ನಾನು ಸಭೆಯಲ್ಲಿ ಒಂದನ್ನು ಇನ್ನೊಂದನ್ನಾಗಿ ಮಾಡಿದೆ.

ಕ್ರಿಯಾಪದಗಳ ಕಥೆಯೂ ಇಷ್ಟೇ. ವರದಿಯ ಕನ್ನಡದಲ್ಲಿ ಯಾರು ಏನು ಹೇಳಿದರೂ ಕೊನೆಗೆ “ಕರೆ ನೀಡಿದರು” ಎಂದೋ “ಅಭಿಪ್ರಾಯಪಟ್ಟರು” ಎಂದೋ ಆಗಿಬಿಡುತ್ತದೆ. ಶಂಕಿಸಿದರು, ಪ್ರಶ್ನಿಸಿದರು, ಕುಟುಕಿದರು, ಛೇಡಿಸಿದರು, ಒಂದು ಸಾಧ್ಯತೆಯಾಗಿ ಮುಂದಿಟ್ಟರು, ಅಲ್ಲಗಳೆಯಲಿಲ್ಲ ಎಂಬ ಮಾತುಗಳೆಲ್ಲ ಎಲ್ಲಿ ಹೋದವು? ಮಾತಿನ ಧಾಟಿಯನ್ನು ಹೊತ್ತು ತರಬಲ್ಲ ಇಷ್ಟು ಪದಗಳಿರುವಾಗ ಎಲ್ಲರ ಬಾಯಿಗೂ ಒಂದೇ ಕ್ರಿಯಾಪದ ಅಂಟಿಸುವುದು ಸೋಮಾರಿತನ.

ಎರಡನೆಯ ನೆಪ ಹೆಚ್ಚು ಗಂಭೀರವಾಗಿ ಬರುತ್ತದೆ. ಮಾತನಾಡುವವರು ನೇರವಾಗಿ ಮಾತನಾಡಲಿ. ಧಾರ್ಮಿಕ ವಿಷಯದಲ್ಲಿ ವ್ಯಂಗ್ಯವೇಕೆ, ತಮಾಷೆಯೇಕೆ. ತಪ್ಪು ತಿಳಿದರೆ ಹೇಳಿದವರದೇ ತಪ್ಪು ಎನ್ನುತ್ತಾರೆ. ಹೀಗೆನ್ನುವವರು ಕುರ್‌ಆನನ್ನು ಯಾವ ರೀತಿ ಓದುತ್ತಾರೆ? ಸೂರಃ ಹೂದ್‌ನ 87ನೆಯ ಆಯತ್ತಿನಲ್ಲಿ ಶುಐಬ್ (ಅ) ಅವರ ಜನಾಂಗವು ಅವರನ್ನು ಸಹನಶೀಲನೆಂದೂ ವಿವೇಕಿಯೆಂದೂ ಕರೆಯುತ್ತದೆ. ಧಾಟಿಯನ್ನು ಬಿಟ್ಟು ಸಾರಾಂಶ ಬರೆದರೆ, ಶುಐಬರ ವಿವೇಕವನ್ನು ಅವರ ಜನಾಂಗ ಮೆಚ್ಚಿಕೊಂಡಿತ್ತು ಎಂದಾಗುತ್ತದೆ. ಅದು ಗೇಲಿಯ ಮಾತೆಂದು ಮುಫಸ್ಸಿರರು ವಿವರಿಸಿದ್ದಾರೆ. ಸೂರಃ ದುಖಾನ್‌ನ 49ನೆಯ ಆಯತ್ತಿನಲ್ಲಿ ನರಕದ ಶಿಕ್ಷೆ ಅನುಭವಿಸುವವನನ್ನು ಪ್ರತಾಪಿ, ಗೌರವಾನ್ವಿತ ಎಂಬ ಅರ್ಥದ ಪದಗಳಿಂದ ಸಂಬೋಧಿಸಲಾಗಿದೆ. ಸೂರಃ ಫುಸ್ಸಿಲತ್‌ನ 40ನೆಯದರಲ್ಲಿ ಬಯಸಿದ್ದನ್ನು ಮಾಡಿಕೊಳ್ಳಿ ಎಂಬ ಆಜ್ಞಾರೂಪವಿದೆ. ಅದು ಅನುಮತಿಯಲ್ಲ, ಬೆದರಿಕೆ. ಬಲಾಗ ಶಾಸ್ತ್ರವು ಇಂತಹ ಅಣಕದ ಮಾತಿಗೆ ತಹಕ್ಕುಮ್ ಎಂದೂ, ಈ ಬಗೆಯ ಆಜ್ಞೆಗೆ ತಹ್‌ದೀದ್ ಎಂದೂ ಹೆಸರಿಟ್ಟು ಪಾಠ ಮಾಡುತ್ತದೆ. ಶಬ್ದ ಒಂದು, ಉದ್ದೇಶ ಅದರ ವಿರುದ್ಧ. ಅದನ್ನು ತಿಳಿಯುವ ಹೊಣೆ ಓದುವವನದು ಎಂಬುದನ್ನು ಒಪ್ಪಿಕೊಂಡೇ ಆ ಶಾಸ್ತ್ರ ಬೆಳೆದಿದೆ.

ತಮಾಷೆಯ ವಿಷಯಕ್ಕೆ ಬಂದರೆ, ಶಮಾಇಲ್ ಗ್ರಂಥದಲ್ಲಿ ಇಮಾಮ್ ತಿರ್ಮಿದಿ (ರ) ಉಲ್ಲೇಖಿಸಿದ ವೃದ್ಧೆಯ ಪ್ರಸಂಗ ಎಲ್ಲರಿಗೂ ಗೊತ್ತು. ಸ್ವರ್ಗಕ್ಕಾಗಿ ಪ್ರಾರ್ಥಿಸಿ ಎಂದು ಕೇಳಿಕೊಂಡ ಆಕೆಗೆ, ಮುದುಕಿಯರು ಸ್ವರ್ಗ ಪ್ರವೇಶಿಸುವುದಿಲ್ಲ ಎಂಬರ್ಥದ ಉತ್ತರ ದೊರೆಯಿತು. ಆಕೆ ಅಳುತ್ತಾ ಹಿಂದಿರುಗಿದಾಗ, ಆಕೆ ವೃದ್ಧೆಯಾಗಿ ಪ್ರವೇಶಿಸುವುದಿಲ್ಲ, ಯೌವನ ಪಡೆದೇ ಪ್ರವೇಶಿಸುತ್ತಾಳೆ ಎಂದು ತಿಳಿಸುವಂತೆ ಪ್ರವಾದಿ (ಸ) ಹೇಳಿ ಕಳಿಸಿದರು. ಮೊದಲ ಅರ್ಧದಲ್ಲಿ ಎದ್ದುಹೋಗಿ ಸಾರಾಂಶ ಬರೆದವನು ಏನು ಬರೆಯುತ್ತಿದ್ದ ಎಂದು ಯೋಚಿಸಿರಿ. ಆತ ಸುಳ್ಳು ಶಬ್ದ ಒಂದನ್ನೂ ಸೇರಿಸಬೇಕಾಗಿರಲಿಲ್ಲ. ಸವಾರಿಗೆ ಒಂಟೆ ಕೇಳಿದವನಿಗೆ ಒಂಟೆಯ ಮರಿಯನ್ನು ಕೊಡುತ್ತೇನೆ ಎಂದ ಪ್ರಸಂಗವೂ ಇದೇ ಬಗೆಯದು. ಮರಿಯಿಂದ ನನಗೇನು ಪ್ರಯೋಜನ ಎಂದು ಅವನು ಕೇಳಿದಾಗಲೇ, ಪ್ರತಿ ಒಂಟೆಯೂ ಒಂದು ತಾಯಿ ಒಂಟೆಯ ಮರಿಯೇ ಅಲ್ಲವೇ ಎಂಬ ಅರ್ಥ ತೆರೆದುಕೊಂಡದ್ದು. ಇವನ್ನು ದಾಖಲಿಸಿದವರು ಕೊನೆಯವರೆಗೂ ದಾಖಲಿಸಿದರು. ಹಾಗಾಗಿಯೇ ಅವು ನಮಗೆ ನಗುವಾಗಿ ತಲುಪಿವೆ.

ಇಲ್ಲಿ ನನ್ನ ಪಕ್ಷದವರಿಗೂ ಒಂದು ಎಚ್ಚರಿಕೆ ಹೇಳಬೇಕು. ಧಾಟಿಯನ್ನು ಉಳಿಸುವ ಉತ್ಸಾಹದಲ್ಲಿ ಇಲ್ಲದ ಅನುಮಾನವನ್ನು ತುಂಬಿಸುವವರೂ ಇದ್ದಾರೆ. ಸ್ಪಷ್ಟವಾದ ವಿಧಿಯನ್ನು ಹೇಳಿ ಉಸ್ತಾದರು ವಲ್ಲಾಹು ಅಅ್‌ಲಮ್ ಎಂದು ಮುಗಿಸಿದರೆ ಅದು ವಿನಯ. ಉಸ್ತಾದರಿಗೆ ಖಚಿತವಿಲ್ಲ ಎಂದು ಬರೆಯುವುದು ಅಷ್ಟೇ ದೊಡ್ಡ ತಪ್ಪು. “ನನ್ನ ಅಲ್ಪ ತಿಳಿವಳಿಕೆಯಲ್ಲಿ” ಎಂದು ಆರಂಭಿಸುವ ಹಿರಿಯರು ಅನೇಕ ವೇಳೆ ಇಡೀ ಸಭೆಯಲ್ಲಿ ಅತ್ಯಂತ ಖಚಿತವಾಗಿರುವವರು. ಇದಕ್ಕೆ ತಿರುಗು ಮುರುಗಾದುದು ನಮ್ಮೂರ “ಇನ್ಶಾ ಅಲ್ಲಾಹ್, ನೋಡೋಣ”. ದೇಣಿಗೆ ಕೇಳಲು ಹೋದವರಿಗೆಲ್ಲ ಇದರ ಅರ್ಥ ಗೊತ್ತು. ಒಪ್ಪಿದರು ಎಂದು ಬರೆದುಕೊಂಡು ಬಂದ ಹೊಸ ಕಾರ್ಯದರ್ಶಿ ಆರು ತಿಂಗಳು ಆ ಮನೆಗೆ ಅಲೆದಾಡುತ್ತಾನೆ. ಆದುದರಿಂದ ಪದವನ್ನು ನೋಡಿ ತೂಕ ಹಾಕಲಾಗದು. ಯಾರು, ಯಾರಿಗೆ, ಯಾವ ಮಾತಿಗೆ ಉತ್ತರವಾಗಿ ಹೇಳಿದರು ಎಂಬುದನ್ನು ನೋಡಬೇಕು.

ಹಾಗಾದರೆ ವ್ಯಂಗ್ಯವನ್ನು ಗುರುತಿಸುವುದು ಹೇಗೆ? ಹಾಜಿಯವರ ಮಾತನ್ನೇ ಮತ್ತೆ ನೋಡೋಣ. ಅವರು ಎದುರಿನವರ ಸೂಚನೆಯನ್ನು ಒಪ್ಪುವಂತೆ ಹೇಳಿ, ಯಾರೂ ಒಪ್ಪಲಾಗದ ತುದಿಗೆ ಅದನ್ನು ಎಳೆದೊಯ್ದರು. ತಹಜ್ಜುದಿನ ಹೊತ್ತಿಗೆ ಮದ್ರಸ ನಡೆಸಲು ನಿಜವಾಗಿ ಬಯಸುವವರು ಯಾರೂ ಇಲ್ಲ. ಆದುದರಿಂದ ಆ ವಾಕ್ಯದ ಗುರಿ ತಹಜ್ಜುದ್ ಅಲ್ಲ, ಆರು ಗಂಟೆ. ಎರಡನೆಯ ವಾಕ್ಯದಲ್ಲಿ ಮಗುವಿನ ನಿದ್ದೆ ಬಂತು. ಅವರ ನಿಜವಾದ ಕಾಳಜಿ ಅಲ್ಲಿದೆ. ಅದನ್ನು ಪ್ರಶ್ನೆಯಾಗಿ ಕೇಳಿದರು, ಉತ್ತರ ನಿರೀಕ್ಷಿಸದೆ. ಸಭೆ ನಕ್ಕಿತು. ಇಷ್ಟು ಗುರುತುಗಳು ಒಟ್ಟಿಗೆ ಇದ್ದವು. ಆದರೆ ಬ್ಯಾರಿ ಭಾಷೆಯ ಎಳೆದ ಕೊನೆಸ್ವರ ನಡಾವಳಿಯ ಕನ್ನಡಕ್ಕೆ ಬರುವಾಗ ಕಳಚಿಹೋಗುತ್ತದೆ. ಆಡುವುದು ಒಂದು ಭಾಷೆ, ಬರೆಯುವುದು ಇನ್ನೊಂದು ಆಗಿರುವ ನಮ್ಮ ಊರುಗಳಲ್ಲಿ ಈ ಅಪಾಯ ಇಮ್ಮಡಿ. ಧ್ವನಿಯಲ್ಲಿದ್ದುದನ್ನು ಪದದಲ್ಲಿ ಮರಳಿ ಕೊಡದಿದ್ದರೆ ಅದು ಇಲ್ಲವಾಗುತ್ತದೆ.

ಕೆಲವೊಮ್ಮೆ ಗುರುತು ಸಾಲದು. ಗಂಭೀರವೋ ಕುಹಕವೋ ತಿಳಿಯದ ಮಾತುಗಳಿವೆ. ಆಗ ಹೇಳಿದವರನ್ನೇ ಕೇಳಬೇಕು. ಎದ್ದು ನಿಂತು ಕೇಳಲು ನಾಚಿಕೆಯಾದರೆ ಸಭೆ ಮುಗಿದ ಮೇಲೆ ಚಪ್ಪಲಿ ಹಾಕಿಕೊಳ್ಳುವಾಗ ಕೇಳಬೇಕು. ಅದೂ ಆಗದಿದ್ದರೆ ಅವರ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಇದ್ದಂತೆಯೇ ಇಟ್ಟು, ಯಾವ ಮಾತಿಗೆ ಪ್ರತಿಯಾಗಿ ಬಂತೆಂದು ಹೇಳಿ ಸುಮ್ಮನಾಗಬೇಕು. ತೀರ್ಮಾನದ ಕ್ರಿಯಾಪದ ಹಾಕಬಾರದು.

ಮೂರು ತಿಂಗಳ ಬಳಿಕ, ಸದರ್ ಉಸ್ತಾದರ ಅನುಮತಿ ಪಡೆದು, ಆ ಪುಟದ ಕೆಳಗೆ ನಾನು ತಿದ್ದುಪಡಿ ಬರೆದೆ:

“ಆರು ಗಂಟೆಯ ಸೂಚನೆಯನ್ನು ಹಾಜಿಯವರು ವ್ಯಂಗ್ಯವಾಗಿ ಟೀಕಿಸಿ, ಮಕ್ಕಳ ನಿದ್ದೆಯ ಕಾರಣದಿಂದ ವಿರೋಧಿಸಿದರು. ಮಗ್ರಿಬಿನ ಬಳಿಕದ ತರಗತಿಯನ್ನು ಸದರ್ ಉಸ್ತಾದರು ಒಂದು ಸಾಧ್ಯತೆಯಾಗಿ ಮುಂದಿಟ್ಟರು, ಮಳೆಗಾಲದ ದಾರಿಯ ಕುರಿತು ಶಂಕೆ ವ್ಯಕ್ತಪಡಿಸಿದರು, ನಿರ್ಧಾರ ಹೇಳಲಿಲ್ಲ.”

ಕೋಶಾಧಿಕಾರಿಗಳ ಮಾತನ್ನು ಬಿಟ್ಟುಬಿಟ್ಟೆ. ಅದು ಅಭಿಪ್ರಾಯವೇ ಆಗಿರಲಿಲ್ಲ. ತಮಾಷೆಗೆ ನ್ಯಾಯ ಸಲ್ಲಿಸಲು ಕೆಲವೊಮ್ಮೆ ಅದನ್ನು ಬರೆಯದಿರುವುದೇ ಸರಿ. ಮೊದಲ ದಾಖಲೆ ಮೂರು ವಾಕ್ಯಗಳಾಗಿತ್ತು, ಇದು ಎರಡು. ಜಾಗವಿಲ್ಲ ಎನ್ನುವವರು ಗಮನಿಸಬೇಕು.

ಪುಸ್ತಕವನ್ನು ಹಾಜಿಯವರ ಮನೆಗೆ ಒಯ್ದೆ. ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದರು. ಕನ್ನಡಕ ಹಾಕಿ ಓದಿದರು, ಎರಡು ಬಾರಿ. ಬಳಿಕ ಪುಸ್ತಕ ಮುಚ್ಚಿ, “ಉಸ್ತಾದೇ, ಈಗ ಸರಿಯಾಯಿತು. ಇನ್ನು ಮಕ್ಕಳನ್ನು ಇಶಾದ ಬಳಿಕವೇ ಮಲಗಿಸದೆ ಕೂಡಿಸಿಬಿಡಿ” ಎಂದರು. ನಾನು ಜೇಬಿನಿಂದ ಪೆನ್ನು ತೆಗೆಯುವಂತೆ ನಟಿಸಿದೆ. ಅವರು ಸುಲಿಯುತ್ತಿದ್ದ ಅಡಿಕೆಯ ಸಿಪ್ಪೆಯನ್ನು ನನ್ನತ್ತ ಎಸೆದರು. ಮುಂದಿನ ತಿಂಗಳ ಸಭೆಗೆ ಬಂದು, ಅದೇ ಮೂಲೆಯಲ್ಲಿ ಕುಳಿತರು. ಸಮಯ ಮತ್ತೆ ಏಳು ಗಂಟೆಗೆ ಬಂತು.